ಬೈಕು ಮೊದಲು, ಮೀಟರ್ ಆಮೇಲೆ

"ಮಾಮಾ, ಅಪ್ಪ ತೀರಿಕೊಂಡು 22 ದಿನವಾಯಿತು. ಮರಣ ಪ್ರಮಾಣಪತ್ರ ಬಂದಿದೆ. ಅವರ ಬೈಕು, ಸೇಡಂ ಮನೆಯ ಕರೆಂಟ್ ಮೀಟರ್ ನನ್ನ ಹೆಸರಿಗೆ ಆಗಬೇಕು. ಎಲ್ಲಿಂದ ಶುರು ಮಾಡಲಿ?"

ನೋಡಪ್ಪಾ, ಮೀಟರ್ ಕಾಯುತ್ತದೆ, ಬೈಕು ಕಾಯುವುದಿಲ್ಲ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನಿನಗೆ ಇನ್ನು ಎಂಟೇ ದಿನ ಉಳಿದಿವೆ. ನಾಳೆಯೇ ಕಲಬುರಗಿಗೆ ಹೋಗು. ಗಾಡಿ ನಂಬರ್, ಅಪ್ಪ ತೀರಿಕೊಂಡ ದಿನಾಂಕ, "ಈ ವಾಹನವನ್ನು ನಾನು ಬಳಸುತ್ತೇನೆ" ಎಂಬ ಮಾತು, ಇಷ್ಟನ್ನೇ ಬರೆದ ಅರ್ಜಿಗೆ ಮರಣ ಪ್ರಮಾಣಪತ್ರದ ಪ್ರತಿ ಹಚ್ಚಿ ಕೊಡು. ನಿನ್ನ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಬರಬೇಡ. ಹೀಗೆ ತಿಳಿಸಿದರೆ ಅಪ್ಪ ತೀರಿಕೊಂಡ ದಿನದಿಂದ ಮೂರು ತಿಂಗಳು ಗಾಡಿ ಓಡಿಸಬಹುದು. ಅಷ್ಟರೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಯಾರಾದರೂ 29, 30 ತುಂಬಿಸಲು ಬಂದರೆ ಬೇಡ ಎನ್ನು. ಅವು ಮಾರಾಟದ ನಮೂನೆಗಳು, ಅವಕ್ಕೆ ಮಾರುವವರ ಸಹಿ ಬೇಕು.

ನಮೂನೆ 31ರ ಜೊತೆ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಚೀಟಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಇರಲಿ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕು, ಪರಿಶೀಲನೆಗೆ ದಿನ ಹಿಡಿಯುತ್ತದೆ. ನಿಮ್ಮ ಅವ್ವ ಮತ್ತು ತಂಗಿ "ನಮ್ಮ ತಕರಾರಿಲ್ಲ" ಎಂದು ಛಾಪಾ ಕಾಗದದ ಮೇಲೆ ಬರೆದು ನೋಟರಿ ಮುಂದೆ ಸಹಿ ಮಾಡಲಿ. ಬೈಕಿಗೊಂದು, ಮೀಟರಿಗೊಂದು, ಎರಡು ಬೇರೆ ಬೇರೆ ಮಾಡಿಸು, ಯಾಕೆಂದರೆ ಕಚೇರಿಯವರು ಮೂಲ ಪ್ರತಿಯನ್ನೇ ಇಟ್ಟುಕೊಳ್ಳುತ್ತಾರೆ.

ಹೆಸರು ಮಾತ್ರ ಕಣ್ಣಿಟ್ಟು ನೋಡು. ನಮ್ಮ ಕಡೆ ಆಧಾರ್‌ನಲ್ಲಿ ಶರಣಪ್ಪ, ಆರ್‌ಸಿಯಲ್ಲಿ ಶರಣಬಸಪ್ಪ ಎಂದಿರುವುದು ಬಹಳ. ಹಾಗಿದ್ದರೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಅರ್ಜಿಗೆ ಮೊದಲೇ ಮಾಡಿಸಿಕೋ.

ವಿಮೆಯಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನಮ್ಮ ಅಪ್ಪ ಹೋದ ಮೇಲೆ ಎರಡು ವರ್ಷ ಅವರ ಹೆಸರಿನಲ್ಲೇ ಕಂತು ಕಟ್ಟುತ್ತಾ ಬಂದೆ. ಗಾಡಿ ಬಿದ್ದು ಜಖಂ ಆದಾಗ ಕಂಪನಿಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಮಾಲೀಕರು ತೀರಿಕೊಂಡರೆ ಹಳೆಯ ಪಾಲಿಸಿ ಮೂರು ತಿಂಗಳು, ಅಥವಾ ಅದರ ಅವಧಿ ಅದಕ್ಕೂ ಮೊದಲೇ ಮುಗಿಯುವುದಾದರೆ ಅಲ್ಲಿಯವರೆಗೆ ಮಾತ್ರ ನಡೆಯುತ್ತದೆ. ಹಾಗಾಗಿ ವಿಮೆ ಕಂಪನಿಗೂ ಈ ವಾರವೇ ಪತ್ರ ಕೊಡು, ಹೊಸ ಆರ್‌ಸಿ ಕೈಗೆ ಬಂದ ದಿನವೇ ಪಾಲಿಸಿಯನ್ನು ನಿನ್ನ ಹೆಸರಿಗೆ ಮಾಡಿಸು.

ಮೀಟರ್ ಕೆಲಸ ಸೇಡಂ ಜೆಸ್ಕಾಂ ಉಪವಿಭಾಗದ್ದು. ಬಿಲ್‌ನಲ್ಲಿರುವ ಆರ್‌ಆರ್ ನಂಬರ್ ಬರೆದು, ಬಾಕಿ ಕಟ್ಟಿ, ಇದೇ ಕಾಗದಗಳ ಜೊತೆ ಮನೆಯ ಖಾತೆಯ ಪ್ರತಿ ಕೊಡು. ಮೀಟರ್ ನಿನ್ನ ಹೆಸರಿಗೆ ಬಂದರೆ ಮನೆ ನಿನ್ನದಾಯಿತು ಎಂದಲ್ಲ. ಅದನ್ನು ತಂಗಿಗೂ ಬಿಡಿಸಿ ಹೇಳು, ಅವಳ ಮನಸ್ಸಿನಲ್ಲಿ ಅನುಮಾನ ಉಳಿಯಬಾರದು.

ಈಗ ಆರ್‌ಸಿಯ ಫೋಟೊ ಕಳುಹಿಸು. ಅದರಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ನಮೂನೆ 35 ಕೂಡ ಬೇಕಾಗುತ್ತದೆ.