ಪುಸ್ತಕ ಹಿಡಿದು ಪರೀಕ್ಷೆ ಮಾಡಬೇಡ

"ದೊಡ್ಡಮ್ಮ, ಪಾಪುಗೆ ಎರಡು ವರ್ಷ ತುಂಬಿತು. ಒಂದೊಂದೇ ಪದ ಹೇಳ್ತಾನೆ, ಎರಡು ಸೇರಿಸಲ್ಲ. ದಿನಾ ಪುಸ್ತಕ ಓದಿ ಹೇಳ್ತೀನಿ, ಆದ್ರೂ ಮಾತು ಬರ್ತಿಲ್ಲ. ಭಯ ಆಗ್ತಿದೆ."

ನೋಡೇ, ಮೊದಲು ಒಂದು ಮಾತು. ಪುಸ್ತಕ ಹಿಡಿದು ಮಗೂನ ಪರೀಕ್ಷೆ ಮಾಡಬೇಡ. ನಮ್ಮ ಎರಡನೆಯವನು ಗೊತ್ತಲ್ಲ, ಅವನ ಸ್ವಭಾವ ನಾನು ಹೇಳಬೇಕಾಗಿಲ್ಲ. ಆಫೀಸಿಂದ ಬಂದವನೇ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಚಿತ್ರದ ಮೇಲೆ ಬೆರಳಿಟ್ಟು, "ಇದೇನು? ಹೇಳು. ಇದೇನು?" ಮಗು "ಬೌ" ಅಂದ್ರೆ "ಬೌ ಅಲ್ಲ, ನಾಯಿ ಅನ್ನು" ಅಂತಿದ್ದ. ಮಗು ಬಾಯಿ ತೆರೆಯೋಕೆ ಮುಂಚೆ ಇವನೇ ಉತ್ತರ ಹೇಳಿ ಪುಟ ತಿರುಗಿಸಿಬಿಡೋನು. ಆಮೇಲಾಮೇಲೆ ಮಗು ಚಿತ್ರ ನೋಡೋದೇ ಬಿಡ್ತು, ಅಪ್ಪನ ಮುಖ ನೋಡೋದು. ಒಂದಿನ ಅವನ ಬೆರಳು ಒಳಗಿರೋ ಹಾಗೇ ಪುಸ್ತಕ ಮುಚ್ಚಿ, ಇಳಿದು ಹೋಯ್ತು. ಬರ್ತಿದ್ದ "ಬೌ" ಕೂಡ ನಿಂತ್ಹೋಯ್ತು. ಅದಕ್ಕೇ ಹೇಳೋದು, ಪರೀಕ್ಷೆ ಮಾಡಬೇಡ ಅಂತ.

ಆಗಲೇ ನಾನು ಹೇಳಿದ್ದೆ. ಯಾರು ಕೇಳ್ತಾರೆ? "ಅಮ್ಮ, ನಿಮ್ಮ ಕಾಲ ಬೇರೆ" ಅಂದ. ಅದೇ ಮಾತನ್ನ ಯಾವನೋ ವಿಡಿಯೋದಲ್ಲಿ ಹೇಳಿದ್ದಕ್ಕೆ ಇದೇ ಗ್ರೂಪಿಗೆ ಫಾರ್ವರ್ಡ್ ಮಾಡಿದ, ನೀವೆಲ್ಲ ಹೂವು, ಚಪ್ಪಾಳೆ ಹಾಕಿದ್ರಿ. ನನ್ನ ಆಡಿಯೋ ಮಾತ್ರ ಅರ್ಧಕ್ಕೇ ನಿಲ್ಲಿಸ್ತೀರಿ, ಗೊತ್ತು ನಂಗೆ.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಸ್ಪೀಚ್ ಥೆರಪಿಯವರು ಆಮೇಲೆ ನಮ್ಮ ಎರಡನೆಯವನಿಗೆ ಕಲಿಸಿಕೊಟ್ಟಿದ್ದು ಇದು. ನೀನು ಗಡಗಡ ಓದಿದ್ರೆ ಬಾಯಿ ಆಡೋದು ನಿಂದೇ. ಕಥೆ ಮುಗಿಸಲೇಬೇಕು ಅಂತಿಲ್ಲ, ಪಾಪು ಯಾವ ಚಿತ್ರ ನೋಡ್ತಾನೋ ಅಲ್ಲೇ ನಿಲ್ಲು. "ನಾಯಿ ಏನ್ ಮಾಡ್ತಿದೆ?" ಅಂತ ಕೇಳಿ ಸುಮ್ನಿರು, ಮನಸ್ಸಲ್ಲೇ ಐದರವರೆಗೆ ಎಣಿಸು. ಕಷ್ಟ ಇರೋದು ಆ ಸುಮ್ನಿರೋದ್ರಲ್ಲೇ. "ಬೌ" ಅಂದ್ರೆ ತಿದ್ದಬೇಡ, "ಹೂಂ, ನಾಯಿ! ನಾಯಿ ಓಡ್ತಿದೆ" ಅನ್ನು. ಅವನು ಹೇಳಿದ್ದಕ್ಕೆ ಒಂದೋ ಎರಡೋ ಪದ ಸೇರಿಸಿದ್ರೆ ಸಾಕು, ಉದ್ದ ವಾಕ್ಯ ಹೇಳಿದ್ರೆ ಅವನಿಗೆ ಹಿಡಿಯೋಕಾಗಲ್ಲ. ಮತ್ತೆ ಸ್ವಲ್ಪ ಕಾಯಿ. "ನಾಯಿ ಓತು" ಅಂದ್ರೆ ಎರಡು ಪದ ಸೇರಿಸಿದ ಹಾಗಾಯ್ತಲ್ಲ! ಏನೂ ಹೇಳದಿದ್ರೆ ನೀನೇ ಇನ್ನೊಂದ್ಸಲ ಹೇಳಿ ಮುಂದೆ ಹೋಗು, "ಹೇಳು, ಹೇಳು" ಅನ್ಬೇಡ. ದಿನಾ ಹೊಸ ಪುಸ್ತಕ ಬೇಡ. ಅದೇ ಪುಸ್ತಕ ಮತ್ತೆ ಮತ್ತೆ ಬಂದ್ರೇನೇ ಮುಂದಿನ ಪುಟದಲ್ಲಿ ಏನಿದೆ ಅಂತ ಅವನಿಗೆ ಗೊತ್ತಿರುತ್ತೆ, ಬಾಯಿ ಬರುತ್ತೆ.

ಆದ್ರೆ ಎರಡು ತುಂಬಿ ಪದ ಸೇರಿಸ್ತಿಲ್ಲ ಅಂದ್ಮೇಲೆ ಬರೀ ಪುಸ್ತಕ ನಂಬ್ಕೊಂಡು ಕೂರಬೇಡ. ಮೊದಲು ಕಿವಿ ಪರೀಕ್ಷೆ ಮಾಡಿಸು. ಕರೆದ್ರೆ ತಿರುಗ್ತಾನಲ್ಲ ಅನ್ಬೇಡ. ಕಿವಿಯೊಳಗೆ ನೀರು ತುಂಬ್ಕೊಂಡಿದ್ರೂ ಜೋರು ಸದ್ದಿಗೆ ತಿರುಗ್ತವೆ, ಮೆಲು ಮಾತು ತಪ್ಪಿಹೋಗುತ್ತೆ. ಆ ರಿಪೋರ್ಟ್ ತಗೊಂಡೇ ಸ್ಪೀಚ್ ಥೆರಪಿಯವರ ಹತ್ರ ಹೋಗು. ಗಂಡು ಮಕ್ಕಳು ತಡ ಅಂತ ಇಲ್ಲಿ ಯಾರಾದ್ರೂ ಹಾಕಿದ್ರೆ ಕಿವಿಗೆ ಹಾಕ್ಕೋಬೇಡ.