ಕೇಸ್ ಖುಲಾಸೆ ಆಗಿದೆ, ವೆರಿಫಿಕೇಶನ್ ಫಾರಂನಲ್ಲಿ ಬರೀಬೇಕಾ?

ಪ್ರಶ್ನೆ, ಹಾಸನದ ಅಣ್ಣ:
ನಮಸ್ಕಾರ. ನನ್ನ ತಮ್ಮ ಸಿವಿಲ್ ಪೊಲೀಸ್ ಕಾನ್ಸ್‌ಟೇಬಲ್‌ಗೆ ಸೆಲೆಕ್ಟ್ ಆಗಿದಾನೆ, ಈಗ ವೆರಿಫಿಕೇಶನ್ ಫಾರಂ ಕೈಗೆ ಬಂದಿದೆ. 2019ರಲ್ಲಿ ಗದ್ದೆ ಬದು ವಿಷಯಕ್ಕೆ ಪಕ್ಕದ ಜಮೀನವ್ರ ಜೊತೆ ಜಗಳ ಆಗಿ ನಮ್ಮಪ್ಪ, ನಾನು, ಅವನು ಮೂರೂ ಜನದ ಮೇಲೆ ಹೊಡೆದದ್ದು, ಆಯುಧದಿಂದ ಗಾಯ ಮಾಡಿದ್ದು, ಬೈದದ್ದು, ಬೆದರಿಸಿದ್ದು ಅಂತ ಐಪಿಸಿ 323, 324, 504, 506 ಹಾಕಿದ್ರು, ಅವನಿಗಾಗ 19 ವರ್ಷ. 2022ರಲ್ಲಿ ಖುಲಾಸೆ ಆಯ್ತು. ಆನ್‌ಲೈನ್ ಅರ್ಜಿ ಹಾಕುವಾಗ ಸೈಬರ್ ಸೆಂಟರ್ ಹುಡುಗ ಕ್ರಿಮಿನಲ್ ಕೇಸ್ ಅನ್ನೋ ಕಡೆ 'ಇಲ್ಲ' ಅಂತ ಒತ್ತಿಬಿಟ್ಟಿದಾನೆ. ಈಗ ಈ ಫಾರಂನಲ್ಲಿ ಬರೀಬೇಕಾ ಬೇಡ್ವಾ? ಬರೆದ್ರೆ ಕೆಲಸ ಕೊಡಲ್ಲ ಅನ್ನೋಕೆ ಅವ್ರಿಗೆ ಅಧಿಕಾರ ಇದೆಯಾ?

ತುಮಕೂರು ಹುಡ್ಗ:
ಬ್ರೋ ಟೆನ್ಶನ್ ತಗೋಬೇಡಿ, ಖುಲಾಸೆ ಆದ್ಮೇಲೆ ಕೇಸೇ ಇಲ್ಲ ಅಂತ ಅರ್ಥ. ಕನ್ವಿಕ್ಷನ್ ಆದವ್ರಿಗೆ ಮಾತ್ರ ಕೆಲಸ ಕೊಡಲ್ಲ. ನಮ್ಮ ಮಾವನ ಮಗನೂ ಏನೂ ಬರೀಲಿಲ್ಲ, ಆರಾಮಾಗಿ ಡ್ಯೂಟಿ ಮಾಡ್ತಿದಾನೆ. ಸುಮ್ನೆ ಬರೆದು ನೀವೇ ಯಾಕೆ ಮೈಮೇಲೆ ಎಳ್ಕೋತೀರ.

ರಿಟೈರ್ಡ್ ಎಚ್‌ಸಿ:
ತಮ್ಮಾ, ಹೀಗೆ ಹೇಳಿ ಇನ್ನೊಬ್ಬರ ಮನೆ ಹಾಳು ಮಾಡ್ಬೇಡ. ನಾನು ಹೆಡ್ ಕಾನ್ಸ್‌ಟೇಬಲ್ ಆಗಿದ್ದವನು, ಸ್ಟೇಷನ್ ರೈಟರ್ ಆಗಿ ಇಂಥ ಫಾರಂ ಎಷ್ಟೋ ನೋಡಿದೀನಿ. ಎಸ್‌ಪಿ ಆಫೀಸಿಂದ ಫಾರಂ ಹುಡುಗನ ಊರಿನ ಸ್ಟೇಷನ್‌ಗೆ ಬರುತ್ತೆ, ರೈಟರ್ ಕಂಪ್ಯೂಟರ್‌ನಲ್ಲಿ ಹೆಸರು ಹೊಡೀತಾನೆ, ಹಳೇ ರಿಜಿಸ್ಟರ್ ತೆಗೀತಾನೆ, ಕ್ರೈಂ ನಂಬರು, ಕೋರ್ಟ್ ಕೊಟ್ಟ ಸಿಸಿ ನಂಬರು, ಏನಾಯ್ತು ಅನ್ನೋದು ಎಲ್ಲಾ ಸಿಗುತ್ತೆ. ಖುಲಾಸೆ ಆಗಿದ್ರೂ ಎಂಟ್ರಿ ಅಳಿಸಿ ಹೋಗಲ್ಲ. ಹುಡುಗ 'ಇಲ್ಲ' ಅಂತ ಬರೆದಿರೋ ಕಾಗದದ ಪಕ್ಕದಲ್ಲೇ ನಮ್ಮ ರಿಪೋರ್ಟ್ 'ಇದೆ' ಅಂತ ಹೋಗಿ ಕೂರುತ್ತೆ. ಆಮೇಲೆ ಅಲ್ಲಿ ಬದು ಜಗಳದ ಮಾತು ಯಾರೂ ಎತ್ತಲ್ಲ, ಸುಳ್ಳು ಬರೆದಿದಾನೆ ಅನ್ನೋದೇ ಮಾತು.

ವಕೀಲರು (ಕೆಎಟಿ ಪ್ರಾಕ್ಟೀಸ್):
ಎಚ್‌ಸಿ ಸರ್ ಹೇಳಿದ್ದೇ ಸರಿ, ಬರೀಲೇಬೇಕು. ಆದ್ರೆ ಬರೆದ ತಕ್ಷಣ ಕೆಲಸ ಗ್ಯಾರಂಟಿ ಅಂತಲೂ ಅಂದ್ಕೋಬೇಡಿ. ಹಳೇ ಕೇಸ್ ನೋಡಿ ಬೇಡ ಅನ್ನೋ ಅಧಿಕಾರ ನೇಮಕಾತಿ ಪ್ರಾಧಿಕಾರಕ್ಕೆ ಇದೆ, ಆದ್ರೆ ಕೇಸ್ ಇತ್ತು ಅನ್ನೋ ಒಂದೇ ಮಾತಿಗೆ ಕಣ್ಮುಚ್ಚಿ ರಿಜೆಕ್ಟ್ ಮಾಡೋ ಹಾಗಿಲ್ಲ. ಎಂಥ ಕೇಸು, ಹುಡುಗನ ವಯಸ್ಸೆಷ್ಟಿತ್ತು, ಹೇಗೆ ಖುಲಾಸೆ ಆಯ್ತು, ಯಾವ ಹುದ್ದೆ, ಇದನ್ನೆಲ್ಲಾ ತೂಗಿ ನೋಡ್ಬೇಕು. ಇದಕ್ಕೆ ಬುಡ 2016ರ ಸುಪ್ರೀಂ ಕೋರ್ಟ್ ತೀರ್ಪು, ಅವತಾರ್ ಸಿಂಗ್ ಕೇಸ್. ಅದಕ್ಕೆ ಮುಂಚೆ ಒಂದೊಂದು ಬೆಂಚು ಒಂದೊಂದು ಥರ ಹೇಳ್ತಿತ್ತು, ಅದಕ್ಕೇ ಮೂರು ಜಡ್ಜ್‌ಗಳು ಕೂತು ಒಂದು ದಾರಿ ಹಾಕಿಕೊಟ್ರು.

ಈಗ ಫಾರಂ ತೆಗೆದು ಆ ಕಾಲಂನಲ್ಲಿ ಏನು ಕೇಳಿದಾರೆ ಅಂತ ಅಕ್ಷರ ಅಕ್ಷರ ಓದಿ. 'ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ಮೊಕದ್ದಮೆ ಹೂಡಲಾಗಿತ್ತೇ' ಅಂತಿದ್ರೆ ಖುಲಾಸೆ ಆದದ್ದೂ ಬರೀಬೇಕು, 'ಎಂದಾದರೂ' ಅನ್ನೋ ಪದದಲ್ಲೇ ಎಲ್ಲಾ ಇದೆ. 'ಈಗ ಬಾಕಿ ಇರುವ ಪ್ರಕರಣ ಇದೆಯೇ' ಅಂತಷ್ಟೇ ಕೇಳಿದ್ರೆ ಮುಗಿದ ಕೇಸ್ ಹೇಳದೇ ಇದ್ದದ್ದು ಮುಚ್ಚಿಟ್ಟಂಗಲ್ಲ, ಯಾಕಂದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡೋ ಜವಾಬ್ದಾರಿ ಅಂತ ಅದೇ ತೀರ್ಪಲ್ಲಿ ಇದೆ. ಆನ್‌ಲೈನ್ ಅರ್ಜಿಯ ಪ್ರಶ್ನೆ ಯಾವ ಥರ ಇತ್ತು ಅಂತ ಅದರ ಪ್ರಿಂಟ್ ತೆಗೆದು ನೋಡಿ.

ಹಾಸನದ ಅಣ್ಣ:
ಮೇಡಂ, ನೋಡ್ದೆ. ಎರಡರಲ್ಲೂ 'ಎಂದಾದರೂ' ಅಂತಾನೇ ಇದೆ. ಹಾಗಾದ್ರೆ ಮೊದಲು ಒತ್ತಿದ 'ಇಲ್ಲ' ಏನು ಮಾಡೋದು?

ವಕೀಲರು:
ಸ್ಟೇಷನ್ ರಿಪೋರ್ಟ್ ಹೋಗೋಕೆ ಮುಂಚೆ ನೀವಾಗೇ ಹೇಳಿಬಿಡಬೇಕು, ಕಾಲ ಮೀರೋಕೆ ಬಿಡ್ಬೇಡಿ. ದಿಲ್ಲಿ ಪೊಲೀಸ್‌ನಲ್ಲಿ ಹೆಡ್ ಕಾನ್ಸ್‌ಟೇಬಲ್ ಹುದ್ದೆಗೆ ಅರ್ಜಿ ಹಾಕಿದ್ದ ಸಂದೀಪ್ ಕುಮಾರ್ ಅನ್ನೋರ ಕೇಸ್ ಹತ್ರಹತ್ರ ಇದೇ ಥರ, ಹೊಡೆದಾಟದ ಕೇಸು ರಾಜಿ ಆಗಿ ಖುಲಾಸೆ, ಮೊದಲ ಅರ್ಜಿಯಲ್ಲಿ ಹೇಳಿರ್ಲಿಲ್ಲ, ವೆರಿಫಿಕೇಶನ್ ಫಾರಂನಲ್ಲಿ ಹೇಳಿದ್ರು. 2011ರಲ್ಲಿ ಸುಪ್ರೀಂ ಕೋರ್ಟ್ ಹುಡುಗುಬುದ್ಧಿಯ ವಯಸ್ಸಲ್ಲಿ ಆದ ಸಣ್ಣ ತಪ್ಪು ಅಂತ ಅವ್ರ ಪರ ನಿಂತ್ಕೊಂಡ್ತು. ಆದ್ರೆ ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ, ಎರಡು ವರ್ಷ ಬಿಟ್ಟು 2013ರಲ್ಲಿ ಮೆಹರ್ ಸಿಂಗ್ ಅನ್ನೋ ಇನ್ನೊಬ್ಬ ದಿಲ್ಲಿ ಕಾನ್ಸ್‌ಟೇಬಲ್ ಅಭ್ಯರ್ಥಿ ರಾಜಿಯಲ್ಲಿ ಮುಗಿದ ಕೇಸನ್ನ ನೇರವಾಗಿ ಹೇಳಿಕೊಂಡ್ರೂ ಇಲಾಖೆ ಬೇಡ ಅಂತು, ಸುಪ್ರೀಂ ಕೋರ್ಟೂ ಅದು ಸರಿ ಅಂತು, ಪೊಲೀಸ್ ಅಂದ್ರೆ ಜನ ನಂಬೋ ಹಾಗಿರಬೇಕು ಅಂತ. ಕ್ಲರ್ಕ್ ಹುದ್ದೆಗೂ ಖಾಕಿಗೂ ಅಳತೆಗೋಲು ಒಂದೇ ಅಲ್ಲ.

ಈಗ ಮಾಡಬೇಕಾದ್ದು: ಜೆಎಂಎಫ್‌ಸಿ ಕೋರ್ಟ್‌ನ ನಕಲು ಶಾಖೆಗೆ ಹೋಗಿ ಸಿಸಿ ನಂಬರ್ ಕೊಟ್ಟು ಚಾರ್ಜ್‌ಶೀಟ್, ತೀರ್ಪು ಎರಡರದ್ದೂ ಸರ್ಟಿಫೈಡ್ ಕಾಪಿ ತಗೊಳ್ಳಿ. ಕಾಲಂನಲ್ಲಿ ಸ್ಟೇಷನ್, ಕ್ರೈಂ ನಂಬರ್, ಸೆಕ್ಷನ್, ಕೋರ್ಟ್, ಸಿಸಿ ನಂಬರ್, ಖುಲಾಸೆ ಆದ ತಾರೀಖು ಬರೆದು ಕಾಪಿ ಲಗತ್ತಿಸಿ. ಜೊತೆಗೆ ಎಸ್‌ಪಿ ಅವ್ರ ಹೆಸರಿಗೆ ನಿಮ್ಮ ತಮ್ಮನೇ ಒಂದು ಪತ್ರ ಕೊಡ್ಲಿ, ಅರ್ಜಿಯಲ್ಲಿ 'ಇಲ್ಲ' ಅಂತ ಹೋಗಿದ್ದು ತಪ್ಪು, ನಿಜ ಹೀಗಿದೆ ಅಂತ. ಸೈಬರ್ ಸೆಂಟರ್‌ನವ್ರ ಮೇಲೆ ಹೊರಿಸೋ ಕಥೆ ಎರಡು ಸಾಲಿಗೆ ಮೀರದಿರಲಿ, ಸಬ್‌ಮಿಟ್ ಆದ ಅರ್ಜಿ ಅಭ್ಯರ್ಥಿಯದೇ ಜವಾಬ್ದಾರಿ ಅಂತಾರೆ.

ಬೆಂಗಳೂರು ಐಟಿ:
ಇದೇ ಗೋಳು ನಂದೂ. ಹೆಂಡ್ತಿ ಕಿರುಕುಳ ಅಂತ 498ಎ ಹಾಕಿದಾಳೆ, ಕೇಸ್ ಇನ್ನೂ ನಡೀತಿದೆ. ಆಫರ್ ಲೆಟರ್ ಕೊಟ್ಟು ಬ್ಯಾಕ್‌ಗ್ರೌಂಡ್ ಚೆಕ್ ಮಾಡಿದ ಒಂದು ಕಂಪನಿ ಕೋರ್ಟ್ ವೆಬ್‌ಸೈಟ್‌ನಲ್ಲಿ ಹೆಸರು ಸಿಕ್ತು ಅಂತ ಆಫರ್ ವಾಪಸ್ ತಗೊಂಡ್ರು. ಶಿಕ್ಷೆ ಆಗದೇ ಹೇಗೆ ತಗೋತಾರೆ? ನಾನೂ ಕೆಎಟಿಗೆ ಹೋಗ್ಬಹುದಾ?

ವಕೀಲರು:
ಕೆಎಟಿ ಅಂದ್ರೆ ಕರ್ನಾಟಕ ಆಡಳಿತ ನ್ಯಾಯಮಂಡಳಿ, ಅದು ರಾಜ್ಯ ಸರ್ಕಾರಿ ಕೆಲಸದ ವಿಷಯಕ್ಕೆ, ಖಾಸಗಿ ಕಂಪನಿಗಲ್ಲ. ಸಮಾನತೆ, ಸಮಾನ ಉದ್ಯೋಗಾವಕಾಶ ಅಂತ ಸಂವಿಧಾನದ 14, 16ನೇ ವಿಧಿ ಹಿಡ್ಕೊಂಡು ನಿಲ್ಲೋಕಾಗೋದೂ ಸರ್ಕಾರದ ಮುಂದೆ. ಅರೆಸ್ಟ್ ಆದವ್ರಿಗೆ, ಕೇಸ್ ಇರೋರಿಗೆ ಕೆಲಸ ನಿರಾಕರಿಸಬಾರದು ಅಂತ ಖಾಸಗಿಯವ್ರನ್ನ ಕಟ್ಟಿಹಾಕೋ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲ. ನಿಮ್ಮ ಆಫರ್ ಲೆಟರ್‌ನಲ್ಲಿ 'ಬ್ಯಾಕ್‌ಗ್ರೌಂಡ್ ಚೆಕ್‌ಗೆ ಒಳಪಟ್ಟು' ಅನ್ನೋ ಸಾಲು ಇದ್ದೇ ಇರುತ್ತೆ, ಅದೇ ಅವ್ರ ಕೈಗೆ ಕೋಲು. ನೀವು ಆಗ್ಲೇ ಸೇರಿ ಆರು ತಿಂಗಳಾಗಿದ್ರೆ ಮಾತೇ ಬೇರೆ ಇರ್ತಿತ್ತು, ಕರ್ನಾಟಕದ ಶಾಪ್ಸ್ ಆಕ್ಟ್ 39ನೇ ಸೆಕ್ಷನ್ ಪ್ರಕಾರ ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟೀಸೋ ಅದರ ಸಂಬಳವೋ ಕೊಡ್ಬೇಕು, ತಪ್ಪು ಮಾಡಿದಾನೆ ಅಂತ ನೋಟೀಸಿಲ್ಲದೆ ಕಳಿಸ್ಬೇಕು ಅಂದ್ರೆ ವಿಚಾರಣೆ ನಡೆಸಿರಬೇಕು. ಮ್ಯಾನೇಜ್‌ಮೆಂಟ್ ಹುದ್ದೆಯವ್ರಿಗೆ ಆ ರಕ್ಷಣೆ ಸಿಗಲ್ಲ. ನಿಮ್ದು ಬೇರೆ ಪೋಸ್ಟ್ ಹಾಕಿ ಸರ್, ಇಲ್ಲಿ ಅವ್ರ ವಿಷಯ ಅರ್ಧಕ್ಕೆ ನಿಂತಿದೆ.

ತುಮಕೂರು ಹುಡ್ಗ:
ಮೇಡಂ ಮುಚ್ಚಿಟ್ಟಿದ್ರೂ ಸುಪ್ರೀಂ ಕೋರ್ಟ್ ಕೆಲಸ ವಾಪಸ್ ಕೊಡಿಸಿದೆ ಅಂತ ಓದಿದೀನಿ, ರೈಲ್ವೆ ಪೊಲೀಸ್ ಕೇಸ್. ಹಾಗಾದ್ರೆ ನಾನು ಹೇಳಿದ್ದೂ ಪೂರ್ತಿ ತಪ್ಪಲ್ಲ ಅಲ್ವಾ?

ವಕೀಲರು:
ಅದು ಪವನ್ ಕುಮಾರ್ ಕೇಸ್, ಆರ್‌ಪಿಎಫ್, 2022ರ ಮೇ. ಮುಚ್ಚಿಟ್ಟ ಅನ್ನೋ ಒಂದೇ ಕಾರಣಕ್ಕೆ ಹಿಂದೆ ಮುಂದೆ ನೋಡದೆ ತೆಗೆದುಹಾಕೋದು ತಪ್ಪು ಅಂದ್ರು, ನಿಜ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಿಆರ್‌ಪಿಎಫ್‌ನ ಸತೀಶ್ ಚಂದ್ರ ಯಾದವ್ ಕೇಸಲ್ಲಿ ಮುಚ್ಚಿಟ್ಟವ್ರು ಸೋತ್ರು. ನಾಲ್ಕೇ ತಿಂಗಳ ಅಂತರ. ಎರಡರಲ್ಲೂ ಜನ ವರ್ಷಗಟ್ಟಲೆ ಕೋರ್ಟ್ ಅಲೆದಿದಾರೆ, ಒಬ್ಬರಿಗೆ ಸಿಕ್ತು ಇನ್ನೊಬ್ಬರಿಗೆ ಇಲ್ಲ. ಇದನ್ನ ನೋಡಿ 'ಬರೀಬೇಡಿ' ಅಂತ ಸಲಹೆ ಕೊಡೋದು ಜೂಜು, ಆಡೋರು ಬೇರೆಯವ್ರು.

ಹಾಸನದ ಅಣ್ಣ:
ಮೇಡಂ ನಾಲ್ಕು ದಿನ ಓಡಾಡಿ ಕಾಪಿ ತಂದೆ. ಕೊನೇ ಪೇಜಲ್ಲಿ 'ಪ್ರಾಸಿಕ್ಯೂಷನ್ ಸಾಬೀತುಪಡಿಸಲು ವಿಫಲ, ಸಂಶಯದ ಲಾಭ ನೀಡಿ ದೋಷಮುಕ್ತ' ಅಂತಿದೆ. ಇಬ್ಬರು ಸಾಕ್ಷಿ ಹೋಸ್ಟೈಲ್ ಅಂತಲೂ ಇದೆ. ನಿಜ ಹೇಳ್ಬೇಕು ಅಂದ್ರೆ ಊರಲ್ಲಿ ರಾಜಿ ಆಗಿತ್ತು, ವಕೀಲರು 324 ಕೋರ್ಟಲ್ಲಿ ರಾಜಿ ಮಾಡೋಕಾಗಲ್ಲ, ಸಾಕ್ಷಿ ಹಿಂದೆ ಸರಿದ್ರೆ ಸಾಕು ಅಂದಿದ್ರು.

ವಕೀಲರು:
ಹಳ್ಳಿ ಕೇಸ್‌ಗಳಲ್ಲಿ ಮುಕ್ಕಾಲುಪಾಲು ಕಥೆ ಇದೇ. ತೊಂದ್ರೆ ಏನಂದ್ರೆ ಸಂಶಯದ ಲಾಭದಲ್ಲಿ ಬಿಡುಗಡೆ ಆದದ್ದನ್ನ ಕ್ಲೀನ್ ಖುಲಾಸೆ ಅಂತ ತಗೊಳ್ಳಲೇಬೇಕು ಅಂತೇನಿಲ್ಲ, ಅಂಥವ್ರ ಪೂರ್ವಾಪರ ನೋಡಿ ತೀರ್ಮಾನಿಸಬಹುದು ಅಂತ ಅವತಾರ್ ಸಿಂಗ್‌ನಲ್ಲೇ ಇದೆ. ಹಾಗಂತ ಕೊನೇ ಪೇಜ್ ಒಂದೇ ನೋಡ್ಬೇಡಿ. ದೂರು ಕೊಟ್ಟವ್ರ ಕ್ರಾಸ್ ಎಕ್ಸಾಮಿನೇಶನ್ ಬಗ್ಗೆ ತೀರ್ಪಿನ ಮಧ್ಯದಲ್ಲಿ ಒಂದು ಪ್ಯಾರಾ ಇರುತ್ತೆ, ಅದನ್ನ ಹಾಕಿ.

ಹಾಸನದ ಅಣ್ಣ:
ಸಿಕ್ತು. 'ಆರೋಪಿ 3 ಗಲಾಟೆ ನಡೆದಾಗ ಸ್ಥಳದಲ್ಲಿ ಇರಲಿಲ್ಲ, ಆಮೇಲೆ ಬಂದ, ಗುದ್ದಲಿ ಕಾವು ಅವನ ಕೈಯಲ್ಲಿ ನೋಡಿಲ್ಲ ಎಂದು ಪಿರ್ಯಾದಿ ಒಪ್ಪಿಕೊಂಡಿದ್ದಾನೆ' ಅಂತಿದೆ. ಆರೋಪಿ 3 ನನ್ನ ತಮ್ಮ.

ವಕೀಲರು:
ಇದು ಒಳ್ಳೇದು. ಸಾಕ್ಷಿ ಸುಮ್ನೆ ತಿರುಗಿಬಿದ್ದದ್ದಕ್ಕೂ, ದೂರು ಕೊಟ್ಟವನೇ ಈ ಹುಡುಗ ಇರಲಿಲ್ಲ ಅಂದದ್ದಕ್ಕೂ ವ್ಯತ್ಯಾಸ ಇದೆ. ರಾಜಿ ಆಗಿತ್ತು ಅಂತ ಗೊತ್ತಾದ್ರೆ ಇದನ್ನೂ ಹೇಳಿಸಿದ್ದು ಅನ್ನೋರು ಇರ್ತಾರೆ, ಆದ್ರೂ ದಾಖಲೆಯಲ್ಲಿ ಇರೋದು ಇದೇ. ಪತ್ರದಲ್ಲಿ ಆ ಪ್ಯಾರಾ ನಂಬರ್ ಹಾಕಿ, ಕಾಪಿಯಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕೊಡಿ. ಇಷ್ಟಾದ್ರೂ ಬೇಡ ಅಂದ್ರೆ ಬಾಯಿಮಾತಲ್ಲಿ ಕೇಳಿಸ್ಕೊಂಡು ವಾಪಸ್ ಬರಬೇಡಿ, ಕಾರಣ ಇರೋ ಲಿಖಿತ ಆದೇಶ ಕೇಳಿ. ಒಂದು ವರ್ಷದ ಒಳಗೆ ಕೆಎಟಿಗೆ ಹೋಗ್ಬಹುದು. ಆದೇಶದಲ್ಲಿ ಬರೀ 'ಕ್ರಿಮಿನಲ್ ಹಿನ್ನೆಲೆ' ಅಂತ ಎರಡು ಪದ ಇದ್ದು, ಸೆಕ್ಷನ್ನು, ವಯಸ್ಸು, ತೀರ್ಪು ಯಾವುದನ್ನೂ ನೋಡಿಲ್ಲ ಅಂದ್ರೆ ನಿಮ್ಮ ಪಾಯಿಂಟ್ ಗಟ್ಟಿ. ಎಲ್ಲಾ ನೋಡಿ ಕಾರಣ ಬರೆದು ಬೇಡ ಅಂದಿದ್ರೆ ಕಷ್ಟ ಇದೆ, ಸುಳ್ಳು ಭರವಸೆ ನಾನು ಕೊಡಲ್ಲ.

ಮಂಡ್ಯ ಅಕ್ಕ:
ನನ್ನ ಮಗಂದು 17 ವರ್ಷ ಇರುವಾಗಿನ ಕೇಸ್, ಬಾಲನ್ಯಾಯ ಮಂಡಳಿಯಲ್ಲಿ ಮುಗೀತು. ಅದನ್ನೂ ಬರೀಬೇಕಾ?

ವಕೀಲರು:
ಅಕ್ಕ, 2015ರ ಬಾಲನ್ಯಾಯ ಕಾಯ್ದೆ 24ನೇ ಸೆಕ್ಷನ್‌ನಲ್ಲಿ ಅಂಥದ್ದರಿಂದ ಮುಂದೆ ಅನರ್ಹತೆ ಬರಬಾರದು ಅಂತಿದೆ, ಆದ್ರೆ 16 ದಾಟಿದವ್ರ ಘೋರ ಅಪರಾಧಕ್ಕೆ ಬೇರೆ ದಾರಿ ಇದೆ. ಮಂಡಳಿ ಆದೇಶ ನೋಡದೆ ಹೇಳಲ್ಲ, ಇನ್‌ಬಾಕ್ಸ್‌ಗೆ ಕಳಿಸಿ.

ಹಾಸನದ ಅಣ್ಣ:
ಎಲ್ರಿಗೂ ಥ್ಯಾಂಕ್ಸ್. ಸೋಮವಾರ ತಮ್ಮನ್ನ ಕರ್ಕೊಂಡು ಎಸ್‌ಪಿ ಆಫೀಸ್‌ಗೆ ಹೋಗ್ತಿದೀನಿ.

ರಿಟೈರ್ಡ್ ಎಚ್‌ಸಿ:
ಪತ್ರ ಎರಡು ಪ್ರತಿ ತಗೊಂಡು ಹೋಗು. ಒಂದನ್ನ ಟಪಾಲು ಸೆಕ್ಷನ್‌ನಲ್ಲಿ ಕೊಟ್ಟು ಇನ್ನೊಂದ್ರ ಮೇಲೆ ತಾರೀಖು ಸಮೇತ ಸೀಲ್ ಹಾಕಿಸ್ಕೊ. ಸಾಹೇಬ್ರ ಕೈಗೇ ಕೊಡ್ತೀನಿ ಅಂತ ನೇರ ಚೇಂಬರ್‌ಗೆ ಹೋಗಿ ಸೀಲಿಲ್ಲದೆ ವಾಪಸ್ ಬಂದವ್ರನ್ನ ತುಂಬಾ ನೋಡಿದೀನಿ.