ಎಟಿಎಂನಲ್ಲಿ ನಡೆಯುವ ಕಾರ್ಡ್ ವಾಲೆಟ್‌ನಲ್ಲಿ ಏಕೆ ನಡೆಯುವುದಿಲ್ಲ?

ಸುಮಾ: ಅಮ್ಮನ ಮೊಬೈಲಿಗೆ ಮೊದಲ ಸಲ ವಾಲೆಟ್ ಆ್ಯಪ್ ಹಾಕಿಕೊಟ್ಟೆ. ಹೊಸ ಡೆಬಿಟ್ ಕಾರ್ಡಿನಿಂದ 200 ರೂಪಾಯಿ ತುಂಬಲು ಹೋದರೆ ಮೂರು ಸಲವೂ ವಿಫಲ ಎಂದು ಬಂತು. ಎಟಿಎಂನಲ್ಲಿ ಅದೇ ಕಾರ್ಡಿನಿಂದ ಹಣ ಬರುತ್ತದೆ. ಕಾರ್ಡನ್ನು ಉಳಿಸಿಡಲೇ ಎಂದೂ ಆ್ಯಪ್ ಕೇಳುತ್ತಿದೆ. ಒಪ್ಪಬಹುದೇ?

ನಾಗರತ್ನ: ಖಂಡಿತ ಬೇಡ. ಕಾರ್ಡಿನ ಹಿಂದಿರುವ ಮೂರಂಕಿಯ ಸಿವಿವಿಯನ್ನು ಎಲ್ಲಿಯೂ ಕೊಡಬಾರದು.

ಬಸವರಾಜ: ನನಗೆ ಕಾರ್ಡಿನ ಕೊನೆಯ ಆರಂಕಿ ಮತ್ತು ಅವಧಿ ಮುಗಿಯುವ ತಿಂಗಳು, ವರ್ಷ ಮಾತ್ರ ಕೇಳಿತ್ತು. ಸಿವಿವಿ ಕೇಳಿದರೆ ಅದು ನಕಲಿ ಆ್ಯಪ್ ಇರಬೇಕು.

ರಾಘವೇಂದ್ರ: ಬಸವರಾಜ ಅವರೇ, ನೀವು ಮಾಡಿದ್ದು ಯುಪಿಐ ಪಿನ್ ಹೊಂದಿಸುವ ಕೆಲಸ. ಸುಮಾ ಅವರು ಕಾರ್ಡಿನಿಂದಲೇ ವಾಲೆಟ್‌ಗೆ ಹಣ ತುಂಬುತ್ತಿದ್ದಾರೆ. ಅಲ್ಲಿ ಪೂರ್ತಿ ಸಂಖ್ಯೆ, ಅವಧಿ, ಸಿವಿವಿ ಕೇಳುವುದು ಸಹಜ. ನಾಗರತ್ನ ಅವರ ಎಚ್ಚರಿಕೆ ಫೋನಿನಲ್ಲಿ ಕೇಳುವ ಮನುಷ್ಯರ ಮಟ್ಟಿಗೆ ನೂರಕ್ಕೆ ನೂರು ಸರಿ. ಪಾವತಿ ಪುಟದಲ್ಲಿ ಮಾತ್ರ ಅದನ್ನು ತುಂಬಲೇಬೇಕಾಗುತ್ತದೆ.

ವಿಫಲವಾಗಲು ಕಾರಣ ಬಹುಶಃ ಬೇರೆಯೇ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡು ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಕ್ಕೆ ಮಾತ್ರ ತೆರೆದಿರುತ್ತದೆ. ಆನ್‌ಲೈನ್ ಬಳಕೆಯನ್ನು ನಾವೇ ತೆರೆಯಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿಭಾಗಕ್ಕೆ ಹೋಗಿ ದೇಶದೊಳಗಿನ ಆನ್‌ಲೈನ್ ಬಳಕೆಯನ್ನು ಮಾತ್ರ ತೆರೆಯಿರಿ, ವಿದೇಶದ್ದು ಮುಚ್ಚಿಯೇ ಇರಲಿ. ಮಿತಿಯನ್ನು 500 ರೂಪಾಯಿಗೆ ಇಳಿಸಲು ಬಂದರೆ ಇಳಿಸಿ. ಹಣ ತುಂಬಿದ ಮೇಲೆ ಮತ್ತೆ ಮುಚ್ಚಬಹುದು.

ಸುಮಾ: ಅದೇ ಆಗಿತ್ತು! ತೆರೆದೆ, ಹಣ ತುಂಬಿತು. ಆದರೆ ಮೊದಲು ವಿಫಲವಾದಾಗ ಅಮ್ಮ ಅಂತರ್ಜಾಲದಲ್ಲಿ ಸಿಕ್ಕಿದ ಸಹಾಯವಾಣಿಗೆ ಕರೆ ಮಾಡಿದ್ದರಂತೆ. ಆ ಕಡೆಯವನು ಒಟಿಪಿ ಹೇಳಿ ಎಂದನಂತೆ. ಸಂದೇಶದಲ್ಲಿ 4,999 ರೂಪಾಯಿ ಎಂದಿದ್ದದ್ದನ್ನು ನೋಡಿ ಅಮ್ಮ ಫೋನ್ ಇಟ್ಟುಬಿಟ್ಟರು.

ರಾಘವೇಂದ್ರ: ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಒಟಿಪಿ ತುಂಬುವ ಮೊದಲು ಸಂದೇಶದಲ್ಲಿರುವ ಮೊತ್ತ ಮತ್ತು ಹಣ ಪಡೆಯುವವರ ಹೆಸರನ್ನು ಓದಬೇಕು. 200 ತುಂಬುವಾಗ 4,999 ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಆದರೆ ಒಟಿಪಿ ಬಂದಿದೆ ಎಂದರೆ ಕಾರ್ಡಿನ ವಿವರ ಆತನ ಕೈಸೇರಿದೆ. ಇಂದೇ ಆ ಕಾರ್ಡನ್ನು ನಿಲ್ಲಿಸಿ ಹೊಸದು ಕೇಳಿ. ಹಣ ಹೋಗಿದ್ದರೆ ತಕ್ಷಣ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಬೇಕು.

ಹೊಸ ಕಾರ್ಡನ್ನು ಉಳಿಸಿಡಬಹುದು. 2022ರ ಅಕ್ಟೋಬರ್‌ನಿಂದ ಆ್ಯಪ್‌ಗಳು ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಟೋಕನ್ ಎಂಬ ಬದಲಿ ಸಂಖ್ಯೆ ಇರುತ್ತದೆ. ಅದು ಆ ಆ್ಯಪ್‌ಗೆ ಮಾತ್ರ ಸೀಮಿತ, ಕದ್ದರೂ ಬೇರೆಡೆ ನಡೆಯದು.

ನಾಗರತ್ನ: ಟೋಕನ್ ಇರಲಿ, ಮೊಬೈಲೇ ಕಳೆದರೆ? ಒಟಿಪಿ ಬರುವುದೂ ಅದಕ್ಕೇ ಅಲ್ಲವೇ? ಪಿಂಚಣಿ ಬರುವ ಖಾತೆಯ ಕಾರ್ಡನ್ನು ನಾನಂತೂ ಸೇರಿಸುವುದಿಲ್ಲ. ಎರಡು ಸಾವಿರ ಇಟ್ಟ ಬೇರೆ ಖಾತೆ ಸಾಕು.

ರಾಘವೇಂದ್ರ: ಪರದೆಗೆ ಬೀಗವಿದ್ದು, ಬೀಗ ಹಾಕಿದಾಗ ಸಂದೇಶ ಕಾಣದಂತೆ ಮಾಡಿ, ಸಿಮ್‌ಗೂ ಪಿನ್ ಇಟ್ಟರೆ ಆ ಭಯ ಬಹಳ ಕಡಿಮೆ. ಎರಡನೇ ಖಾತೆಗೆ ಕನಿಷ್ಠ ಮೊತ್ತದ ದಂಡ ಬಿದ್ದೀತು.

ಬಸವರಾಜ: ನಮ್ಮ ಮನೆಯಲ್ಲಿ ಎರಡನೇ ಖಾತೆಯೇ ಇದೆ, ದಂಡವಿಲ್ಲದ ಮೂಲ ಉಳಿತಾಯ ಖಾತೆ. ನಾಗರತ್ನ ಅವರ ಮಾತೇ ನನಗೆ ಸರಿ ಕಾಣುತ್ತದೆ.

ರಾಘವೇಂದ್ರ: ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇದ್ದರೆ ಅಂಥ ಖಾತೆ ಕೊಡುವುದಿಲ್ಲ. ಅಮ್ಮ ಇನ್ನೊಂದು ಬ್ಯಾಂಕಿಗೆ ಓಡಾಡಬಲ್ಲರೇ, ಸುಮಾ ಅವರೇ?